ಎತ್ತರದ ಕೋಣೆಗೆ ಅಟ್ಟ: ಕಬ್ಬಿಣವೋ ಕಾಂಕ್ರೀಟೋ, ಎರಡನ್ನೂ ಮಾಡಿಸಿ ನೋಡಿದ ಲೆಕ್ಕ

ತಿಪಟೂರಿನಲ್ಲಿ ನಮ್ಮದೊಂದು ಹಳೆಯ ಕೊಬ್ಬರಿ ಗೋದಾಮು ಇದೆ. ನಡುವೆ ಗೋಡೆ ಎತ್ತಿ ಅದನ್ನು ಎರಡು ಹಾಲ್ ಮಾಡಿಕೊಂಡೆವು. ಎರಡೂ 12 ಅಡಿ ಅಗಲ, 20 ಅಡಿ ಉದ್ದ, ನೆಲದಿಂದ ತಾರಸಿಯ ಅಡಿಗೆ 15 ಅಡಿ 6 ಅಂಗುಲ. ನನ್ನ ಪಾಲಿನದು ಆಫೀಸು, ತಮ್ಮನ ಪಾಲಿನದು ನೋಟ್‌ಬುಕ್ ಮತ್ತು ಕಾಗದದ ಹೋಲ್‌ಸೇಲ್ ದಾಸ್ತಾನು. ನಾನು ಕಬ್ಬಿಣದ ಅಟ್ಟ ಹಾಕಿಸಿದೆ, ಅವನು ಕಾಂಕ್ರೀಟ್. ಎರಡೂ ಹಿಂಬದಿಯ 10 ಅಡಿಗೆ ಮಾತ್ರ, ಅಂದರೆ ತಲಾ 120 ಚದರಡಿ.

ಮೊದಲು ಎತ್ತರದ ಲೆಕ್ಕ, ಏಕೆಂದರೆ ಬಹಳ ಜನರ ಅಟ್ಟ ಕಾಗದದ ಮೇಲೇ ಸತ್ತುಹೋಗುವುದು ಇಲ್ಲಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಇಂಥ ಅಟ್ಟಕ್ಕೆ, ಅಂದರೆ ಮೆಜನೈನ್‌ಗೆ ಕನಿಷ್ಠ 2.2 ಮೀಟರ್ ಎತ್ತರ ಕೇಳುತ್ತದೆ, ಅಂದರೆ ಸುಮಾರು 7 ಅಡಿ 3 ಅಂಗುಲ. ಕೆಳಗೂ ಅಷ್ಟು, ಮೇಲೂ ಅಷ್ಟು, ನಡುವೆ ಅಟ್ಟದ ದಪ್ಪ 7 ಅಂಗುಲ ಅಂತ ಇಟ್ಟುಕೊಂಡರೆ 15 ಅಡಿ 1 ಅಂಗುಲ ಆಯಿತು. ಕೋಣೆ 14 ಅಡಿಯದಾದರೆ ಮೇಲೆ ಸಾಮಾನು ಇಡಬಹುದು, ಮಲಗಬಹುದು, ನಿಂತು ಓಡಾಡುವ ಆಸೆ ಬಿಡಬೇಕು. ಕೆಳಗೆ ವಾಸದ ಕೋಣೆಗೆ ಬೇಕಾದ 2.75 ಮೀಟರ್ ಉಳಿಯಲೇಬೇಕು ಅಂದರೆ ಒಟ್ಟು 17 ಅಡಿ ಹತ್ತಿರ ಬೇಕು.

ಕಬ್ಬಿಣ ತೆಳ್ಳಗಿರುತ್ತದೆ, ಕಾಂಕ್ರೀಟ್ ದಪ್ಪ ಅನ್ನುವ ಮಾತು ಅರ್ಧ ಮಾತ್ರ ನಿಜ. ನನ್ನದರಲ್ಲಿ 6 ಅಂಗುಲದ ಐ-ಬೀಮ್ (ಐಎಸ್‌ಎಂಬಿ 150), ಅದರ ಮೇಲೆ 18 ಎಂಎಂ ಸಿಮೆಂಟ್ ಬೋರ್ಡ್. ಒಟ್ಟು 7 ಅಂಗುಲದೊಳಗೆ ಮುಗಿಯಿತು. ಮುಗಿದದ್ದು ಏಕೆ ಅಂದರೆ, 3 ಅಂಗುಲದ ಸಿ-ಚಾನಲ್‌ಗಳನ್ನು ಬೀಮ್‌ಗಳ ನಡುವೆಯೇ ಕೂರಿಸಿ, ಮೇಲ್ಮಟ್ಟ ಒಂದೇ ಬರುವಂತೆ ವೆಲ್ಡ್ ಮಾಡಿಸಿದ್ದಕ್ಕೆ. ಫ್ಯಾಬ್ರಿಕೇಶನ್‌ನವರಿಗೆ ಇದು ಕಿರಿಕಿರಿಯ ಕೆಲಸ. ಪ್ರತಿ ಚಾನಲ್ಲನ್ನೂ ಅಳತೆಗೆ ಕತ್ತರಿಸಬೇಕು. ಬೀಮಿನ ಮೇಲೆ ಚಾನಲ್ ಅಡ್ಡ ಮಲಗಿಸುವುದು ಅವರಿಗೆ ಸುಲಭ, ಹಾಗೆ ಬಿಟ್ಟರೆ ದಪ್ಪ ಒಂಬತ್ತೂವರೆ ಅಂಗುಲಕ್ಕೆ ಏರುತ್ತದೆ. ತಮ್ಮನ ಮೋಲ್ಡು 6 ಅಂಗುಲ, ಮೇಲಿನ ಫಿನಿಶಿಂಗ್, ಕೆಳಗಿನ ಗಾರೆ ಸೇರಿ 8. ವ್ಯತ್ಯಾಸ ಒಂದಂಗುಲ ಅಷ್ಟೇ. ಕಾಂಕ್ರೀಟಿನಲ್ಲಿ ತಲೆಗೆ ತಾಗುವುದು ಮೋಲ್ಡಲ್ಲ, ತೆರೆದ ಅಂಚಿನ ಬೀಮ್. ಅದು ಮೋಲ್ಡಿನಿಂದ 9 ಅಂಗುಲ ಕೆಳಗೆ ಇಳಿಯುತ್ತದೆ. ಒಳಗೆ 7 ಅಡಿ 8 ಅಂಗುಲ ಇದ್ದರೂ ಬೀಮಿನಡಿ 6 ಅಡಿ 11 ಮಾತ್ರ. ಅದೇ ಬೀಮನ್ನು ಮೋಲ್ಡಿನ ಮೇಲಕ್ಕೆ ಎಬ್ಬಿಸಿ ಕಟ್ಟಿದ್ದರೆ ಅದೇ ಅರ್ಧ ಕಟಾಂಜನವೂ ಆಗುತ್ತಿತ್ತು. ಆದರೆ ಮೇಲಿಂದ ಬಂಡಲ್‌ಗಳನ್ನು ನೇರ ಜಾರಿಸಿ ಇಳಿಸಬೇಕು ಅಂತ ತಮ್ಮ ಒಪ್ಪಲಿಲ್ಲ.

ಇನ್ನು ಭಾರ. ಮನೆ ಕೋಣೆಗಳಿಗೆ ಭಾರದ ಭಾರತೀಯ ಮಾನಕ ಐಎಸ್ 875 ಹೇಳುವುದು ಚದರ ಮೀಟರಿಗೆ 2 ಕಿಲೋನ್ಯೂಟನ್, ನಮ್ಮ ಭಾಷೆಯಲ್ಲಿ ಸುಮಾರು 200 ಕೆಜಿ. ಚದರಡಿಗೆ 19 ಕೆಜಿ ಅಂದುಕೊಳ್ಳಿ. ಇಬ್ಬರು ಕೂತು ಕೆಲಸ ಮಾಡಲು, ಮಂಚ ಹಾಕಲು ಇದು ಧಾರಾಳ. ಹೆಚ್ಚು ಜನ ಸೇರುವ, ಫೈಲು ತುಂಬುವ ಆಫೀಸಿಗೆ ಇದಕ್ಕಿಂತ ಹೆಚ್ಚು ಹಿಡಿಯಬೇಕು. ನನ್ನದರಲ್ಲಿ ಎರಡು ಮೇಜು, ಕಪಾಟು ಕೆಳಗೆ. ದಾಸ್ತಾನಿಗಾದರೆ ಲೆಕ್ಕವೇ ಬೇರೆ, ಚದರ ಮೀಟರಿಗೆ ಕನಿಷ್ಠ 750 ಕೆಜಿ. ಕಾಗದವನ್ನು ಎದೆಮಟ್ಟ ಪೇರಿಸಿದರೆ ಅಷ್ಟು ಸಲೀಸಾಗಿ ಮುಟ್ಟುತ್ತದೆ.

ಇಲ್ಲಿ ಫ್ಯಾಬ್ರಿಕೇಶನ್‌ನವರ ಮಾತು ಒಂದನ್ನು ಬಿಡಿಸಿ ಹೇಳಬೇಕು. ಮೊದಲು ಬಂದವರು ‘ಐ-ಬೀಮ್ ಯಾಕೆ ಸಾರ್, 4×2 ಪೈಪ್ ಸಾಕು’ ಅಂದರು. 3 ಎಂಎಂ ದಪ್ಪದ ಪೈಪು. ಎಂಜಿನಿಯರ್ ನನ್ನೆದುರೇ ಲೆಕ್ಕ ಹಾಕಿದರು: 12 ಅಡಿ ಅಗಲಕ್ಕೆ ಮೀಟರಿಗೊಂದರಂತೆ ಪೈಪ್ ಕೂರಿಸಿ ಪೂರ್ತಿ ಭಾರ ಹೇರಿದರೆ ಪೈಪು ಮುರಿಯುವುದಿಲ್ಲ, ಆದರೆ ನಡುವೆ 28 ಎಂಎಂ ಬಾಗುತ್ತದೆ. ಆ ಉದ್ದಕ್ಕೆ 12 ಎಂಎಂ ಬಾಗಿದರೆ ಹೆಚ್ಚು. ಅದೇ ಜಾಗದಲ್ಲಿ 6 ಅಂಗುಲದ ಐ-ಬೀಮ್ ಬಾಗುವುದು ನಾಲ್ಕೂವರೆ ಎಂಎಂ. ಅಟ್ಟ ಕುಣಿಯುತ್ತದೆ, ಬೋರ್ಡಿನ ಜೋಡಣೆಯಲ್ಲಿ ಬಿರುಕು ಬಿಡುತ್ತದೆ ಅನ್ನುವ ದೂರುಗಳ ಹಿಂದೆ ಬಹುಪಾಲು ಇಂಥ ಪೈಪೇ ಇರುತ್ತದೆ. ಕಬ್ಬಿಣದ ಅಟ್ಟ ನೋಡಲು ಹೋದರೆ ನಡುಮಧ್ಯೆ ನಿಂತು ಹಿಮ್ಮಡಿ ಎತ್ತಿ ಕುಕ್ಕಿ. ಪಕ್ಕದ ಮೇಜಿನ ಮೇಲಿನ ಲೋಟದ ನೀರು ಅಲುಗಿದರೆ ಬೀಮಿನ ಅಳತೆ ಕೇಳಿ.

ಇನ್ನೊಂದು, ಕಬ್ಬಿಣಕ್ಕೆ ಕೊಡುವುದು ಕೆಜಿ ಲೆಕ್ಕದಲ್ಲಿ. ಐಎಸ್‌ಎಂಬಿ 150 ಮೀಟರಿಗೆ 15 ಕೆಜಿ ತೂಗಬೇಕು. 13 ಬಂದರೆ ಅದು ಬೇರೆ ಮಾಲು. ತೂಕದ ಚೀಟಿಯನ್ನು ಟೇಪು ಹಿಡಿದ ಉದ್ದದ ಜೊತೆ ತಾಳೆ ನೋಡಿದರೆ ಗೊತ್ತಾಗಿಬಿಡುತ್ತದೆ.

ಹಾಗಾದರೆ 750 ಕೆಜಿಗೆ ಕಬ್ಬಿಣ ಆಗುವುದಿಲ್ಲವೇ? ಆಗುತ್ತದೆ. 8 ಅಂಗುಲದ ಐ-ಬೀಮ್ ಹಾಕಿ, ಬೋರ್ಡಿನ ಬದಲು ಚೆಕ್ಕರ್ಡ್ ಪ್ಲೇಟ್ ಹಾಸಿದರೆ ಆರಾಮಾಗಿ ಹೊರುತ್ತದೆ. ತೊಡಕು ಗೋಡೆಯದು. ನನ್ನ ಬೀಮಿನ ಒಂದೊಂದು ತುದಿ ಗೋಡೆಯ ಮೇಲೆ ಹೇರುವುದು 500 ಕೆಜಿಯ ಒಳಗೆ. ಸಿಮೆಂಟ್ ಗಾರೆಯ 9 ಅಂಗುಲದ ಇಟ್ಟಿಗೆ ಗೋಡೆಗೆ ಅದು ಲೆಕ್ಕಕ್ಕಿಲ್ಲ. ತೂತು ಕೊರೆದು, ಅಡಿಗೆ ಕಾಂಕ್ರೀಟ್ ದಿಂಬು ಹಾಕಿ ಕೂರಿಸಿದೆವು. ದಾಸ್ತಾನಿನ ಅಟ್ಟದಲ್ಲಿ ಅದೇ ತುದಿಗೆ ಒಂದೂವರೆ ಟನ್ ಬೀಳುತ್ತದೆ, ಹಳೇ ಗೋಡೆಗೆ ಅದನ್ನು ಒಪ್ಪಿಸಲು ಎಂಜಿನಿಯರ್ ಸಿದ್ಧರಿರಲಿಲ್ಲ. ಮಣ್ಣಿನ ಗಾರೆಯ ಗೋಡೆಯಾದರೆ ನನ್ನ ಹಗುರ ಅಟ್ಟಕ್ಕೂ ಕಂಬ ಬೇಕೇ ಬೇಕು.

ಕಂಬ ಹೇಗಿದ್ದರೂ ನಿಲ್ಲಿಸಬೇಕು, ಕಾಗದಕ್ಕೆ ಬೆಂಕಿಯ ಭಯವೂ ಇದೆ ಅಂತ ತಮ್ಮ ಕಾಂಕ್ರೀಟ್ ಆರಿಸಿದ. ಬೆಂಕಿಯ ಮಾತು ಸರಿ: 550 ಡಿಗ್ರಿ ದಾಟಿದ ಮೇಲೆ ಬರಿಯ ಕಬ್ಬಿಣ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಬೆಲೆ ತೆತ್ತದ್ದು ನೆಲ. ಹಾಲಿನೊಳಗೇ ನಾಲ್ಕು ಗುಂಡಿ, ಆಳ ನಾಲ್ಕಡಿ, ಅದೂ ಹಳೇ ಪಾಯಕ್ಕೆ ಪೆಟ್ಟಾಗದಂತೆ ಒಂದೊಂದಾಗಿ ತೋಡಿ ತುಂಬಿಸಬೇಕಾಯಿತು. ಮೋಲ್ಡ್ ಹಾಕುವ ದಿನ ಬಾಂಡ್ಲಿ ಬಾಂಡ್ಲಿ ಕಾಂಕ್ರೀಟು ಬಾಗಿಲಿನಿಂದ ಒಳಗೆ. ಆಮೇಲೆ ಸೆಂಟ್ರಿಂಗ್ ಕಂಬಗಳ ಕಾಡಿನಲ್ಲಿ ವ್ಯಾಪಾರ ನಿಂತಿತು, ಕ್ಯೂರಿಂಗ್ ನೀರು ಕೆಳಗಿನ ಕಾಗದಕ್ಕೆ ತೊಟ್ಟಿಕ್ಕಬಾರದಲ್ಲ. ನನ್ನ ಕಡೆ ಗದ್ದಲವೆಲ್ಲ ವೆಲ್ಡಿಂಗ್, ಗ್ರೈಂಡರ್ ದಿನಗಳಿಗೆ ಮುಗಿಯಿತು. ಸ್ವಂತ ತೂಕ ನೋಡಿ: ನನ್ನ ಅಟ್ಟ ಸುಮಾರು 650 ಕೆಜಿ, ಅವನ ಮೋಲ್ಡೊಂದೇ ನಾಲ್ಕು ಟನ್ ದಾಟುತ್ತದೆ.

ಮುಗಿದ ಮೇಲೆ ಅವನದೇ ಸುಖ. ಟ್ರಾಲಿ ಎಳೆದರೂ ಕೆಳಗೆ ಸದ್ದಿಲ್ಲ. ನನ್ನಲ್ಲಿ ಮೇಲೆ ಕುರ್ಚಿ ಸರಿಸಿದರೆ ಕೆಳಗೆ ಫೋನಿನಲ್ಲಿರುವವರು ಮೇಲಕ್ಕೆ ನೋಡುತ್ತಾರೆ. ಬೋರ್ಡಿಗೂ ಚಾನಲ್ಲಿಗೂ ನಡುವೆ ರಬ್ಬರ್ ಪಟ್ಟಿ ಹಾಕಿಸಿದ್ದರಿಂದ ಇಷ್ಟಾದರೂ ತಗ್ಗಿದೆ. ಎರಡು ಕಡೆಯೂ ಅಟ್ಟದಡಿ ಸೀಲಿಂಗ್ ಫ್ಯಾನ್ ಬೇಡವೆಂದು ಗೋಡೆ ಫ್ಯಾನ್ ಹಾಕಿದ್ದೇವೆ, ಸೀಲಿಂಗ್ ಫ್ಯಾನಾದರೆ ಕೈ ಎತ್ತಿದರೆ ರೆಕ್ಕೆ ಸಿಗುವಷ್ಟೇ ಎತ್ತರ ಅಲ್ಲಿ.

ಮೆಟ್ಟಿಲಿನ ಜಾಗವನ್ನು ಮರೆಯದೆ ಬರೆದುಕೊಳ್ಳಿ. 8 ಅಡಿ 3 ಅಂಗುಲ ಏರಲು, ಏಳೂವರೆ ಅಂಗುಲದ ಏರು ಮತ್ತು 10 ಅಂಗುಲದ ತುಳಿತ ಇಟ್ಟರೆ ನೆಲದ ಮೇಲೆ ಸರಿಯಾಗಿ 10 ಅಡಿ ಹೋಗುತ್ತದೆ. ನಮ್ಮ ಹಾಲಿನಲ್ಲಿ ಉಳಿದದ್ದೇ ಅಷ್ಟು. 9 ಅಂಗುಲದ ಏರು, 8 ಅಂಗುಲದ ತುಳಿತದ ಕಡಿದಾದ ಕಬ್ಬಿಣದ ಮೆಟ್ಟಿಲಾದರೆ 6 ಅಡಿ 8 ಅಂಗುಲದಲ್ಲಿ ಮುಗಿಯುತ್ತದೆ. ನಾನು ಅದನ್ನೇ ಹಾಕಿಸಿದೆ, ಅಮ್ಮ ಇವತ್ತಿಗೂ ಮೇಲೆ ಬಂದಿಲ್ಲ.