ಐದು ಕಿಲೋವ್ಯಾಟ್ ಸೌರ ಘಟಕ: ಎರಡು ವರ್ಷ ಸಿಂಗಲ್ ಫೇಸ್, ಎರಡೂವರೆ ವರ್ಷ ತ್ರೀ ಫೇಸ್

ಕಲಬುರಗಿಯ ಹುಮನಾಬಾದ್ ರಸ್ತೆಯ ಕಡೆ ನಮ್ಮ ಮನೆಯೂ ಅದಕ್ಕೆ ಹೊಂದಿಕೊಂಡಂತೆ ವೆಲ್ಡಿಂಗ್ ಮತ್ತು ಲೇತ್ ಕೆಲಸದ ಶೆಡ್ಡೂ ಇವೆ. ಲೇತ್ ಯಂತ್ರಕ್ಕಾಗಿ ತ್ರೀ ಫೇಸ್ ಸಂಪರ್ಕ ಮೊದಲೇ ಇತ್ತು. ಆದರೂ ಬೆಲೆ ಕಡಿಮೆಯೆಂದು 335 ವ್ಯಾಟ್‌ನ 15 ಪ್ಯಾನೆಲ್‌ಗಳಿಗೆ ಸಿಂಗಲ್ ಫೇಸ್ ಇನ್ವರ್ಟರ್ ಹಾಕಿಸಿದೆ.

ಕೆಲಸದ ದಿನಗಳಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಶೆಡ್ಡು ಮುಚ್ಚಿರುವ ಭಾನುವಾರ ಮಾತ್ರ, ಬಿಸಿಲು ಚೆನ್ನಾಗಿರುವ ಮಧ್ಯಾಹ್ನದ ಹೊತ್ತಿಗೇ ಇನ್ವರ್ಟರ್ ಪರದೆಯ ಮೇಲೆ Grid Over Voltage ಎಂದು ಬಂದು ಉತ್ಪಾದನೆ ನಿಂತುಹೋಗುತ್ತಿತ್ತು. ಕೆಲವು ನಿಮಿಷಗಳ ನಂತರ ತಾನಾಗಿ ಆರಂಭವಾಗಿ ಮತ್ತೆ ನಿಲ್ಲುತ್ತಿತ್ತು. ಒಂದು ಭಾನುವಾರ ಮೀಟರ್ ಹಿಡಿದು ನೋಡಿದಾಗ ಇನ್ವರ್ಟರ್ ನಡೆಯುವಾಗ ಬೋರ್ಡಿನಲ್ಲಿ 253 ವೋಲ್ಟ್ ಇತ್ತು, ಅದರ ಎಂಸಿಬಿ ಇಳಿಸಿದ ಕ್ಷಣ 246ಕ್ಕೆ ಇಳಿಯಿತು. ನಮ್ಮ ಇನ್ವರ್ಟರ್‌ನ ಮೇಲ್ಮಿತಿ 253ಕ್ಕೇ ನಿಗದಿಯಾಗಿತ್ತು, ಅಂದರೆ 230ರ ಮೇಲೆ ಶೇ. 10.

ಈ ಏಳು ವೋಲ್ಟ್ ಹುಟ್ಟುತ್ತಿದ್ದುದು ನಮ್ಮ ಸರ್ವಿಸ್ ವಯರಿನಲ್ಲಿ. ಕಂಬದಿಂದ ಮನೆಗೆ 60 ಮೀಟರ್ ದೂರ, 10 ಚದರ ಮಿ.ಮೀ. ಅಲ್ಯೂಮಿನಿಯಂ ಕೇಬಲ್, ಒಂದು ತಂತಿಯ ರೋಧ ಸುಮಾರು 0.185 ಓಮ್. ಮನೆಯಲ್ಲಿ ಬಳಕೆ ಇಲ್ಲದಾಗ ಸುಮಾರು 19 ಆಂಪಿಯರ್ ಒಂದೇ ಫೇಸಿನಲ್ಲಿ ಕಂಬಕ್ಕೆ ಹೋಗಿ ನ್ಯೂಟ್ರಲ್‌ನಲ್ಲಿ ಮರಳುವುದರಿಂದ ಎರಡೂ ತಂತಿಗಳ ರೋಧ ಲೆಕ್ಕಕ್ಕೆ ಬರುತ್ತದೆ. ಕೆಲಸದ ದಿನ ಅದೇ ಫೇಸಿನಲ್ಲಿದ್ದ ವೆಲ್ಡಿಂಗ್ ಯಂತ್ರ ಆ ವಿದ್ಯುತ್ತನ್ನು ಒಳಗೇ ಬಳಸುತ್ತಿದ್ದುದರಿಂದ ದೋಷ ಮರೆಯಾಗಿರುತ್ತಿತ್ತು.

ಎರಡು ವರ್ಷಗಳ ನಂತರ ಇದನ್ನು ಬದಲಿಸಿ ತ್ರೀ ಫೇಸ್ ಇನ್ವರ್ಟರ್ ಹಾಕಿಸಿದೆ. ಅದು ಅದೇ ಶಕ್ತಿಯನ್ನು ಮೂರು ಫೇಸ್‌ಗಳಿಗೆ ಹಂಚುತ್ತದೆ. ಪ್ರತಿ ತಂತಿಯಲ್ಲಿ ಆರೇಳು ಆಂಪಿಯರ್ ಮಾತ್ರ, ಮೂರೂ ಸಮವಾಗಿರುವುದರಿಂದ ಅದರ ಪಾಲಿನ ವಿದ್ಯುತ್ತು ನ್ಯೂಟ್ರಲ್‌ನಲ್ಲಿ ಮರಳುವುದೇ ಇಲ್ಲ. ಹೀಗಾಗಿ ಏರಿಕೆ ಆರರಲ್ಲೊಂದು ಭಾಗಕ್ಕೆ, ಒಂದು ವೋಲ್ಟ್‌ಗಿಂತ ಸ್ವಲ್ಪವೇ ಹೆಚ್ಚಿಗೆ, ಬಂದು ನಿಂತಿತು. ಅಂದಿನಿಂದ ಭಾನುವಾರದ ಆ ಸಂದೇಶ ನಮಗೆ ಕಂಡಿಲ್ಲ. ಪ್ಯಾನೆಲ್‌ಗಳು ಹಳೆಯವೇ. 8 ಮತ್ತು 7ರ ಎರಡು ಸಾಲುಗಳಾಗಿ ಇದ್ದವನ್ನು 15ರ ಒಂದೇ ಸಾಲು ಮಾಡಬೇಕಾಯಿತು, ಏಕೆಂದರೆ ಈ ಇನ್ವರ್ಟರ್‌ಗೆ ಹೆಚ್ಚಿನ ಡಿಸಿ ವೋಲ್ಟೇಜ್ ಒಗ್ಗುತ್ತದೆ.

ಎಂಸಿಬಿ ಇಳಿಸಿದರೂ ವೋಲ್ಟೇಜ್ 253ರ ಮೇಲೇ ಇದ್ದರೆ ದೋಷ ಕಂಬದ ಆಚೆಯದು. ಅದಕ್ಕೆ ಇನ್ವರ್ಟರ್ ಬದಲಿಸಿ ಪ್ರಯೋಜನವಿಲ್ಲ, ಜೆಸ್ಕಾಂಗೆ ದೂರು ಕೊಡಬೇಕು. ಕಂಬ ಹತ್ತಿರವಿದ್ದು ಮೂರು ಕಿಲೋವ್ಯಾಟ್ ಸಾಕೆನ್ನುವ ಮನೆಗೆ ಸಿಂಗಲ್ ಫೇಸೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ತ್ರೀ ಫೇಸಿನ ಕೊರತೆಯೊಂದನ್ನು ಕಳೆದ ಬೇಸಿಗೆಯಲ್ಲಿ ಅನುಭವಿಸಿದೆ. ಮನೆಯ ಅರ್ಧ ದೀಪಗಳು ಉರಿಯುತ್ತಿದ್ದರೂ ಇನ್ವರ್ಟರ್ ಪೂರ್ತಿ ನಿಂತಿತ್ತು. ಲೈನ್‌ಮನ್ ಬಂದು ನೋಡಿ, "ಒಂದು ಫೇಸ್ ಹೋಗ್ಯಾದ್ರಿ ಅಣ್ಣಾರ, ಟಿಸಿ ಫ್ಯೂಸ್ ಹಾರ್ಯಾದ" ಎಂದರು. ಮೂರರಲ್ಲಿ ಒಂದು ಫೇಸ್ ಇಲ್ಲದಿದ್ದರೂ ಈ ಇನ್ವರ್ಟರ್ ಉತ್ಪಾದಿಸುವುದಿಲ್ಲ. ಹಳೆಯದಾಗಿದ್ದರೆ ತನ್ನ ಫೇಸ್ ಉಳಿದಿರುವವರೆಗೆ ನಡೆಯುತ್ತಿತ್ತು. ಫ್ಯೂಸ್ ಹಾಕುವವರೆಗೆ ಅಂದಿನ ಮಧ್ಯಾಹ್ನದ ಬಿಸಿಲೆಲ್ಲ ವ್ಯರ್ಥವಾಯಿತು.