45ಕ್ಕೆ ಲೆಕ್ಕದ ಕೆಲಸಕ್ಕೆ ಹೊರಳುವುದು: ಈಗಲೇ ಬಿಡೋದೋ, ಸಂಜೆ ಕಲಿಯೋದೋ?

ಹುಬ್ಬಳ್ಳಿಯ ಗೋಕುಲ ರೋಡಿನ ಕಾರ್ಖಾನೆಯೊಂದರಲ್ಲಿ 18 ವರ್ಷ ಸ್ಟೋರ್ಸ್ ನೋಡಿಕೊಂಡ ಗೆಳೆಯನಿಗೆ ಜಿಎಸ್‌ಟಿ ಲೆಕ್ಕದ ಕೆಲಸಕ್ಕೆ ಹೋಗುವ ಮನಸ್ಸು. ಹಾದಿ ಎರಡು.

ಈಗಲೇ ಬಿಟ್ಟರೆ ಗ್ರಾಚ್ಯುಟಿ ಬರುತ್ತದೆ. ಮೂಲವೇತನ 26,000, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 15,000, 18 ವರ್ಷಕ್ಕೆ 2,70,000. ಮನೆಖರ್ಚು ತಿಂಗಳಿಗೆ 32,000 ಆದ್ದರಿಂದ ಎಂಟು ತಿಂಗಳಲ್ಲಿ ಅದು ಖಾಲಿ. ಗಿರಾಕಿಗಳು ಕೂಡಿಬರಲು ಅಷ್ಟು ಸಮಯ ಸಾಲದು. ಪಿಎಫ್ ಮುಟ್ಟುವ ಆಸೆ ಆಗುವುದೂ ಆಗಲೇ.

ನೌಕರಿಯಲ್ಲಿದ್ದೇ ಕಲಿತರೆ ಸಂಬಳ ನಿಲ್ಲದು, ಆದರೆ ತಾರೀಖುಗಳು ಕಾಡುತ್ತವೆ. ತಿಂಗಳಿಗೊಮ್ಮೆ ಸಲ್ಲಿಸುವವರ ಮಾರಾಟದ ವಿವರ ಜಿಎಸ್‌ಟಿಆರ್-1 11ಕ್ಕೆ, ತೆರಿಗೆ ಕಟ್ಟುವ 3ಬಿ 20ಕ್ಕೆ. ನಿಜವಾದ ಕಲಿಕೆ ಆ ದಿನಗಳಲ್ಲೇ. ಆ ನಾಲ್ಕೈದು ಸಂಜೆ ಯಾರಾದರೂ ಲೆಕ್ಕಪರಿಶೋಧಕರ ಆಫೀಸಿನಲ್ಲಿ ಕೂತು, ಖರೀದಿ ಬಿಲ್ಲುಗಳನ್ನು, ಮಾರಿದವರು ಏರಿಸಿದ ಬಿಲ್ಲುಗಳ ಪಟ್ಟಿಯಾದ 2ಬಿ ಜೊತೆ ತಾಳೆ ನೋಡಬೇಕು. ಮಾರಿದವನು ಬಿಲ್ ಏರಿಸದಿದ್ದರೆ ಕೊಂಡವನಿಗೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ಜಮೆ ಸಿಗದು ಎಂಬುದು ಪುಸ್ತಕಕ್ಕಿಂತ ಇಲ್ಲೇ ಬೇಗ ತಿಳಿಯುತ್ತದೆ.

ಕಷ್ಟದ್ದು ಬೇರೆ. ಕಾರ್ಖಾನೆಯಲ್ಲಿ 'ಸಾಹೇಬ್ರ' ಅನ್ನಿಸಿಕೊಂಡವನಿಗೆ ಆ ಆಫೀಸಿನ 24ರ ಹುಡುಗಿ, "ಕಾಕಾ, ಇದು ತಪ್ಪೈತ್ರಿ, ಮತ್ತೊಮ್ಮೆ ಮಾಡ್ರಿ" ಅಂತಾಳೆ. ಸಂಜೆ ಕಲಿಯಲು ಹೋಗಿ ನೋಡಿದ ಮೊದಲ ವಾರ ಅವನು ಮನೆಯಲ್ಲೂ ಮಾತಾಡಲಿಲ್ಲ.

ನಾನಾದರೆ ಎರಡನೆಯದೇ. ಸಂಜೆ ಕೆಲಸದಿಂದ ಮನೆಖರ್ಚಿನ ಅರ್ಧ ಮೂರು ತಿಂಗಳು ಸತತ ಬಂದ ಮೇಲೆ ರಾಜೀನಾಮೆ.