ಆವರಣ, ಡಿಕ್ಷನರಿ, ಮಟ್ಟದ ರ‍್ಯಾಂಕ್: ಟ್ರೀ ಹೋಲಿಸುವ ಮೂರು ದಾರಿ

ರೂಟ್ ಇರುವ ಎರಡು ಟ್ರೀಗಳ ಆಕಾರ ಒಂದೇಯೇ ಎಂದು ನೋಡಬೇಕು. ಮಕ್ಕಳ ಎಡಬಲ ಅದಲುಬದಲಾಗಿದ್ದರೆ ಅಡ್ಡಿಯಿಲ್ಲ. ಇದಕ್ಕೆ ಆಹೋ, ಹಾಪ್‌ಕ್ರಾಫ್ಟ್ ಮತ್ತು ಉಲ್ಮನ್ 1974ರ ತಮ್ಮ ಪುಸ್ತಕದಲ್ಲಿ ಲೀನಿಯರ್ ಸಮಯದ ವಿಧಾನ ಕೊಟ್ಟಿದ್ದಾರೆ. ಅದರ ಹೆಸರಿನಲ್ಲಿ ಇವತ್ತು ಓಡಾಡುವ ಕೋಡ್ ಮೂರು ಬಗೆಯದು. ಮೂರನ್ನೂ ಪೈಥಾನ್‌ನಲ್ಲಿ ಬರೆದು, ಒಂದೇ ಸರಪಳಿಯಂತೆ ಉದ್ದಕ್ಕಿಳಿಯುವ ಟ್ರೀ, ರೂಟಿಗೇ ಎಲ್ಲ ಎಲೆಗಳೂ ಅಂಟಿಕೊಂಡ ಟ್ರೀ, ಯಾದೃಚ್ಛಿಕವಾಗಿ ಬೆಳೆಸಿದ ಟ್ರೀ, ಈ ಮೂರರ ಮೇಲೂ ಓಡಿಸಿ ನೋಡಿದೆ.

ಮೊದಲನೆಯದು ಆವರಣದ ಸ್ಟ್ರಿಂಗ್. ಎಲೆಗೆ `()`. ಉಳಿದ ನೋಡ್‌ಗಳಿಗೆ, ಮಕ್ಕಳ ಸ್ಟ್ರಿಂಗ್‌ಗಳನ್ನು ಸಾರ್ಟ್ ಮಾಡಿ, ಜೋಡಿಸಿ, ಹೊರಗೊಂದು ಆವರಣ. ಓದಲು ಇದಕ್ಕಿಂತ ಸುಲಭದ್ದಿಲ್ಲ, ಉತ್ತರವೂ ಸರಿಯೇ. ಆದರೆ ಪ್ರತಿ ನೋಡ್ ತನ್ನ ಕೆಳಗಿನ ಇಡೀ ಉಪಟ್ರೀಯನ್ನು ಮತ್ತೆ ಬರೆಯುತ್ತದೆ. ಹಾಗಾಗಿ ಒಂದು ನೋಡ್ ಎಷ್ಟು ಆಳದಲ್ಲಿದೆಯೋ ಅಷ್ಟು ಸಲ ಅದರ ಎರಡು ಅಕ್ಷರಗಳು ನಕಲಾಗುತ್ತವೆ. ಒಂದು ಲಕ್ಷ ನೋಡ್‌ಗಳ ಯಾದೃಚ್ಛಿಕ ಟ್ರೀಯಲ್ಲಿ, ಅಂದರೆ ಪ್ರತಿ ಹೊಸ ನೋಡನ್ನು ಹಳೆಯ ಯಾವುದೋ ಒಂದಕ್ಕೆ ನೇತುಹಾಕಿದಾಗ, ಸರಾಸರಿ ಆಳ ಸುಮಾರು 11. ಒಟ್ಟು ಅಕ್ಷರ 24 ಲಕ್ಷದ ಆಸುಪಾಸು, ತೊಂದರೆಯೇ ಇಲ್ಲ. ಅಷ್ಟೇ ನೋಡ್‌ಗಳ ಸರಪಳಿಯಲ್ಲಿ ಅದು `n(n+1)`, ಸುಮಾರು 1000 ಕೋಟಿ. ಯಾದೃಚ್ಛಿಕ ಟ್ರೀಗಳ ಮೇಲಷ್ಟೇ ಪರೀಕ್ಷಿಸುವವರಿಗೆ ಈ ದೋಷ ಕಣ್ಣಿಗೇ ಬೀಳುವುದಿಲ್ಲ.

ಎರಡನೆಯದು ಸ್ಟ್ರಿಂಗ್ ಬದಲು ಸಂಖ್ಯೆ ಕೊಡುವುದು:

```python
names = {}
def name(kids):
    key = tuple(sorted(kids))
    return names.setdefault(key, len(names))
```

ನೋಡ್‌ಗಳನ್ನು ಬಿ.ಎಫ್.ಎಸ್. ಕ್ರಮದಲ್ಲಿ ಸಾಲಾಗಿಟ್ಟು ಹಿಂದಿನಿಂದ ಬಂದರೆ ರಿಕರ್ಷನ್ ಬೇಕಿಲ್ಲ. ಸರಪಳಿಯ ಮೇಲೆ ರಿಕರ್ಷನ್ ಇಟ್ಟರೆ ಪೈಥಾನ್ 1000ದ ಹತ್ತಿರವೇ ನಿಂತುಬಿಡುತ್ತದೆ. ಈಗ ಕೀಗಳ ಒಟ್ಟು ಉದ್ದ ಅಂಚುಗಳ ಸಂಖ್ಯೆಯಷ್ಟೇ, ಆಳದ ಲೆಕ್ಕ ಮಾಯ.

ಇಲ್ಲಿ ಒಂದು ಕಡೆ ಎಚ್ಚರ ಬೇಕು: `names` ಎರಡೂ ಟ್ರೀಗಳಿಗೆ ಒಂದೇ ಇರಬೇಕು. ನಾಲ್ಕು ನೋಡ್‌ಗಳ ಎರಡು ಟ್ರೀ ತೆಗೆದುಕೊಳ್ಳಿ. ಒಂದರಲ್ಲಿ ರೂಟಿಗೆ ಒಂದೇ ಮಗು, ಆ ಮಗುವಿಗೆ ಎರಡು ಎಲೆ. ಎಲೆ 0, `(0,0)`ಗೆ 1, ರೂಟಿನ `(1)`ಗೆ 2. ಇನ್ನೊಂದರಲ್ಲಿ ರೂಟಿಗೆ ಎರಡು ಮಕ್ಕಳು: ಒಂದು ಎಲೆ, ಇನ್ನೊಂದರ ಕೆಳಗೆ ಒಂದು ಎಲೆ. ಎಲೆ 0, `(0)`ಗೆ 1, ರೂಟಿನ `(0,1)`ಗೆ 2. ಬೇರೆಬೇರೆ ಡಿಕ್ಷನರಿ ಇಟ್ಟರೆ ಎರಡೂ ರೂಟಿಗೆ 2 ಬಂತು, "ಸಮರೂಪ" ಎಂಬ ತಪ್ಪು ಉತ್ತರ. ಒಂದೇ ಡಿಕ್ಷನರಿಯಾದರೆ ಮೊದಲನೆಯದಕ್ಕೆ 2, ಎರಡನೆಯದಕ್ಕೆ 4. ಪರೀಕ್ಷೆಯಲ್ಲಿ ಈ ಜೋಡಿ ಇರಲೇಬೇಕು.

ಇದೂ ಕಟ್ಟುನಿಟ್ಟಾಗಿ ಲೀನಿಯರ್ ಅಲ್ಲ. ಒಂದು ನೋಡ್‌ಗೆ ಬಗೆಬಗೆಯ ಮಕ್ಕಳು ತುಂಬಾ ಇದ್ದರೆ `sorted` ಒಂದು ಲಾಗ್ ಸೇರಿಸುತ್ತದೆ, ಹ್ಯಾಶ್ ಕೊಡುವುದು ಸರಾಸರಿಯ ಭರವಸೆ ಮಾತ್ರ.

ಮೂರನೆಯದು ಪುಸ್ತಕದ್ದು. ಎರಡೂ ಟ್ರೀಗಳನ್ನು ಅತಿ ಆಳದ ಮಟ್ಟದಿಂದ ಜೊತೆಜೊತೆಯಾಗಿ ಮೇಲಕ್ಕೆ ತರುತ್ತೇವೆ. ಕೆಳಗಿನ ಮಟ್ಟದ ನೋಡ್‌ಗಳನ್ನು ರ‍್ಯಾಂಕ್ ಕ್ರಮದಲ್ಲೇ ನಡೆದು, ಪ್ರತಿಯೊಂದೂ ತನ್ನ ರ‍್ಯಾಂಕನ್ನು ತಾಯಿಯ ಪಟ್ಟಿಯ ಕೊನೆಗೆ ಸೇರಿಸುತ್ತದೆ. ನನಗೆ ಬಹಳ ಹಿಡಿಸಿದ ಹೆಜ್ಜೆ ಇದೇ: ತಾಯಿಯ ಪಟ್ಟಿ ತಾನಾಗಿಯೇ ಸಾರ್ಟ್ ಆಗಿ ಬರುತ್ತದೆ, ಪ್ರತಿ ನೋಡ್‌ಗೆ ಬೇರೆ ಸಾರ್ಟ್ ಬೇಡ. ಆಮೇಲೆ ಮಟ್ಟದ ಪಟ್ಟಿಗಳನ್ನೆಲ್ಲ ರೇಡಿಕ್ಸ್ ಸಾರ್ಟ್ ಮಾಡಿ, ಎರಡು ಟ್ರೀಗಳ ಸಾಲು ಒಂದೇ ಇದೆಯೇ ನೋಡಿ, ಹೊಸ ರ‍್ಯಾಂಕ್ ಕೊಡುತ್ತೇವೆ. ರೂಟಿಗೆ ಎರಡು ಮಕ್ಕಳು, ಪ್ರತಿ ಮಗುವಿಗೂ ಒಂದು ಎಲೆ ಇರುವ ಟ್ರೀಯಲ್ಲಿ ನಡುವಿನ ಮಟ್ಟದ ಸಾಲು `(0) (0)`. ಎರಡೂ ಎಲೆ ಒಂದೇ ಮಗುವಿನ ಕೆಳಗಿದ್ದರೆ `() (0,0)`. ರೂಟಿನ ತನಕ ಹೋಗದೆ ಅಲ್ಲೇ ನಿಲ್ಲಬಹುದು.

ಹಾಳಾಗುವುದು ರೇಡಿಕ್ಸ್ ಸಾರ್ಟ್‌ನ ಬಕೆಟ್‌ಗಳಲ್ಲಿ. ಪ್ರತಿ ಮಟ್ಟಕ್ಕೂ `n` ಬಕೆಟ್ ಹಾಕಿದರೆ, ಲಕ್ಷ ಮಟ್ಟಗಳ ಸರಪಳಿಯಲ್ಲಿ ಮತ್ತೆ 1000 ಕೋಟಿ ಬಕೆಟ್ ತಿರುವಿಹಾಕಬೇಕಾಗುತ್ತದೆ. ಸ್ಟ್ರಿಂಗ್ ಬಿಟ್ಟರೂ ಅದೇ ಖರ್ಚು. ಬಕೆಟ್ ಎಷ್ಟು ಎಂಬುದನ್ನು ಕೆಳಗಿನ ಮಟ್ಟದ ರ‍್ಯಾಂಕ್‌ಗಳ ಸಂಖ್ಯೆ ನಿರ್ಧರಿಸಬೇಕು. ಪಟ್ಟಿಗಳ ಪ್ರತಿ ಸ್ಥಾನದಲ್ಲೂ ನಿಜಕ್ಕೂ ಬಂದಿರುವ ಸಂಖ್ಯೆಗಳ ಬಕೆಟ್‌ಗಳನ್ನಷ್ಟೇ ಮುಟ್ಟಬೇಕು. ಇಷ್ಟು ಮಾಡಿದರೆ ಲೀನಿಯರ್ ಎಂಬ ಮಾತು ಯಾವ ಆಕಾರಕ್ಕೂ ನಿಲ್ಲುತ್ತದೆ.

ನನ್ನ ಆಯ್ಕೆ ಬಹುತೇಕ ಎರಡನೆಯದೇ. ಸಾವಿರಾರು ಟ್ರೀಗಳನ್ನು ಗುಂಪು ಮಾಡಬೇಕಾದಾಗ ಡಿಕ್ಷನರಿ ಹಾಗೇ ಉಳಿಯುತ್ತದೆ, ಹೊಸ ಟ್ರೀ ಬಂದರೆ ಅದೊಂದಕ್ಕೇ ಕೆಲಸ. ಮಟ್ಟದ ರ‍್ಯಾಂಕ್‌ಗೆ ಆ ಎರಡು ಟ್ರೀಗಳ ಆಚೆ ಅರ್ಥವೇ ಇಲ್ಲ, ಮೂರನೆಯದು ಬಂದರೆ ಮೊದಲಿಂದ ಶುರು. ಇನ್‌ಪುಟ್ ಬೇರೆಯವರ ಕೈಯಿಂದ ಬರುವಾಗ, ಹ್ಯಾಶ್ ಕೆಡಿಸಲು ಅವರು ಯತ್ನಿಸಬಹುದಾದಾಗ ಮಾತ್ರ ಮೂರನೆಯದನ್ನು ಬರೆಯುತ್ತೇನೆ. ಆವರಣದ ಸ್ಟ್ರಿಂಗನ್ನು ಚಿಕ್ಕ ಟ್ರೀಗಳಲ್ಲಿ ಉಳಿದೆರಡರ ಉತ್ತರ ತಾಳೆ ನೋಡಲು ಇಟ್ಟುಕೊಂಡಿದ್ದೇನೆ.